ಭಾನುವಾರ ಫೈನಲ್: ಡ್ರೆಸ್ಸಿಂಗ್ ರೂಮ್ ಗೋಡೆ ಮೇಲೆ ಏನು ಬರೆಸೋದು, ಯಾವ ಬಣ್ಣದಲ್ಲಿ?

ಮ್ಯಾಟಿಂಗ್_ವಿಕೆಟ್ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಊರಿನ ತಂಡದ ಮ್ಯಾನೇಜರ್ ನಾನು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಫೈನಲ್‌ಗೆ ಬಂದಿದ್ದೀವಿ. ಭಾನುವಾರ ಬೆಳಿಗ್ಗೆ 9ಕ್ಕೆ ನಮ್ಮ ಮೈದಾನದಲ್ಲೇ ಮ್ಯಾಚು, 40 ಓವರು, ಮ್ಯಾಟಿಂಗ್ ಮೇಲೆ.

ಡ್ರೆಸ್ಸಿಂಗ್ ರೂಮಿನ ಗೋಡೆಗೆ ಒಂದಿಷ್ಟು ಮಾತು ಬರೆಸಬೇಕು ಅನ್ನೋದು ಹುಡುಗರ ಆಸೆ. ಗ್ರೂಪಲ್ಲಿ ಎಲ್ಲರೂ ಸೇರಿ ಏಳು ಆರಿಸಿದ್ದಾರೆ: "ಗೆಲುವು ನಮ್ಮದೇ", "ಮಾಡು ಇಲ್ಲವೇ ಮಡಿ", "ಸಾಧಿಸಿದರೆ ಸಬಳ ನುಂಗಬಹುದು", "ಒಗ್ಗಟ್ಟಿನಲ್ಲಿ ಬಲವಿದೆ", "ಪ್ರಯತ್ನವೇ ಪರಮಾತ್ಮ", "ತಾಳಿದವನು ಬಾಳಿಯಾನು", "ಕಪ್ ನಮ್ದೇ".

ರೂಮು 14 ಅಡಿ ಉದ್ದ, 10 ಅಡಿ ಅಗಲ. ಒಂದು ಬಾಗಿಲು, ಎರಡು ಕಿಟಕಿ. ಹಳೇ ಕಟ್ಟಡ. ಪ್ರತಿ ಆಗಸ್ಟ್ 15ಕ್ಕೆ ಹಳೇ ಸುಣ್ಣದ ಮೇಲೇ ಇನ್ನೊಂದು ಸುಣ್ಣ ಬಳೀತಾರೆ. ಕೆಳಗಡೆ ಎರಡಡಿ ತನಕ ಗೋಡೆ ತೇವ. ಬರೆಯೋರು ಶನಿವಾರ ಬರ್ತೀನಿ ಅಂದಿದ್ದಾರೆ. ಯಾವ ಬಣ್ಣ ತರಲಿ, ಅಕ್ಷರ ಎಷ್ಟು ದೊಡ್ಡದಿರಬೇಕು, ಏಳೂ ಬರೆಸೋದಾ? ಗೊತ್ತಿರೋರು ದಯವಿಟ್ಟು ಹೇಳಿ.

ಊರಹಬ್ಬ | ಸೋಮವಾರ, ರಾತ್ರಿ 10:05

ಒಳ್ಳೇ ಕೆಲಸ. ರಸ್ತೆ ಕಡೆಯಿಂದ ಕಾಣೋ ಹಾಗೆ ಬರೆಸಿ, ಬಸ್ಸಲ್ಲಿ ಹೋಗೋರಿಗೂ ಫೈನಲ್ ಇದೆ ಅಂತ ತಿಳೀಲಿ. ನಮ್ಮೂರ ಕಾಂಪೌಂಡ್ ಮೇಲೆ ಒಂದಡಿ ಅಕ್ಷರದಲ್ಲಿ ತಂಡದ ಹೆಸರು, ದಿನಾಂಕ, "ಎಲ್ಲರಿಗೂ ಆದರದ ಸ್ವಾಗತ" ಅಂತ ಬರೆಸಿದ್ವಿ. ಊರಿಗೆ ಊರೇ ಬಂದಿತ್ತು.

ಮ್ಯಾಟಿಂಗ್_ವಿಕೆಟ್ | ಸೋಮವಾರ, ರಾತ್ರಿ 10:12

ಅಣ್ಣ, ನಾನು ಕೇಳಿದ್ದು ರೂಮಿನ ಒಳಗಿನ ಗೋಡೆ. ಆಟಗಾರರು ಮಾತ್ರ ಓದೋದು. ಕಾಂಪೌಂಡಿನ ಯೋಚನೆಯೂ ಚೆನ್ನಾಗಿದೆ, ಊರಿನವರಿಗೆ ಹೇಳ್ತೀನಿ.

ಫಿಟ್‌ನೆಸ್_ಮಂಜ | ಸೋಮವಾರ, ರಾತ್ರಿ 11:20

ನಾನು ಎರಡು ಜಿಮ್‌ಗೆ ಬರೆಸಿದೀನಿ, ಅನುಭವದಿಂದ ಹೇಳ್ತೀನಿ. ಆಯಿಲ್ ಪೇಂಟ್ ತಗೊಳ್ಳಿ. ನೀರಿಗೆ ಜಗ್ಗಲ್ಲ, ಹಾಗಾಗಿ ತೇವದ ಗೋಡೆಗೆ ಅದೇ ಸರಿ. ಹಳದಿ ಗೋಡೆ ಮೇಲೆ ಕಪ್ಪು ಅಕ್ಷರ ದೂರದಿಂದ ಚೆನ್ನಾಗಿ ಕಾಣುತ್ತೆ. ನಾಲ್ಕೂ ಗೋಡೆಗೆ ಬರೆಸಿ, ಯಾವ ಕಡೆ ತಿರುಗಿದರೂ ಒಂದು ಮಾತು ಕಣ್ಣಿಗೆ ಬೀಳಬೇಕು. ದಿನಾ ನೋಡ್ತಾ ನೋಡ್ತಾ ಮನಸ್ಸಲ್ಲಿ ಇಳಿಯುತ್ತೆ.

ಕುಂಚದ_ಕೈ | ಮಂಗಳವಾರ, ಬೆಳಿಗ್ಗೆ 6:30

ಮೂವತ್ತೆರಡು ವರ್ಷದಿಂದ ಬೋರ್ಡು, ಗೋಡೆ, ಲಾರಿ ಬರೆದಿದ್ದೀನಿ. ಮಂಜ ಹೇಳಿದ ಹಳದಿ ಮೇಲೆ ಕಪ್ಪು ಸರಿ. ಆಯಿಲ್ ಪೇಂಟ್ ಮಾತ್ರ ಆ ಗೋಡೆಗೆ ಬೇಡ ತಮ್ಮಾ. ಆಯಿಲ್ ಪೇಂಟು ಹೊರಗಿನಿಂದ ಬರೋ ನೀರು ತಡೆಯುತ್ತೆ, ನಿಜ. ನಿಮ್ಮ ಗೋಡೆಗೆ ನೀರು ಬರ್ತಿರೋದು ಪಾಯದಿಂದ, ಒಳಗಿನಿಂದ. ಬಣ್ಣದ ಹಿಂದೆ ನೀರು ಸಿಕ್ಕಿಹಾಕಿಕೊಂಡರೆ ಅಲ್ಲಲ್ಲಿ ಗುಳ್ಳೆ ಏಳುತ್ತೆ, ಆಮೇಲೆ ಅಕ್ಷರ ಅಕ್ಷರವೇ ಹಪ್ಪಳದ ಹಾಗೆ ಕಳಚಿ ಬೀಳುತ್ತೆ. ಇನ್ನೊಂದು, ಸುಣ್ಣದ ಖಾರಕ್ಕೂ ಎಣ್ಣೆಗೂ ಆಗಿಬರಲ್ಲ. ಗೋಡೆ ತೇವ ಇದ್ದರೆ ಸುಣ್ಣ ಆ ಎಣ್ಣೆಯನ್ನ ಸೋಪಿನ ಹಾಗೆ ಮಾಡಿಬಿಡುತ್ತೆ, ಬಣ್ಣ ಅಂಟಂಟಾಗೇ ಉಳಿಯುತ್ತೆ.

ಇವತ್ತೇ ಎರಡು ಪರೀಕ್ಷೆ ಮಾಡಿ. ಎದೆಮಟ್ಟದಲ್ಲಿ ಅಂಗೈ ಇಟ್ಟು ಜೋರಾಗಿ ಉಜ್ಜಿ. ಕೈಗೆ ಬಿಳಿ ಪುಡಿ ಮೆತ್ತಿದರೆ ನೀವು ಬಳಿಯೋ ಬಣ್ಣ ಕೂರೋದು ಗೋಡೆ ಮೇಲಲ್ಲ, ಆ ಪುಡಿ ಮೇಲೆ. ಪುಡಿ ಬಿದ್ದ ದಿನ ಬಣ್ಣವೂ ಬೀಳುತ್ತೆ. ಎರಡನೇದು, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ರಾತ್ರಿಯೆಲ್ಲಾ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಗೆ ನೀರಿನ ಹನಿ ಕಂಡರೆ ತೇವ ಗೋಡೆಯಿಂದ ಬರ್ತಿದೆ. ಹೊರಮೈಗೆ ಕಂಡರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಹೋಗುತ್ತೆ.

ಇನ್ನು ಶನಿವಾರ ಆಯಿಲ್ ಪೇಂಟ್ ಹೊಡೆದರೆ ಭಾನುವಾರ ಬೆಳಿಗ್ಗೆ ಆ ರೂಮಲ್ಲಿ ಕೂರೋಕಾಗಲ್ಲ. ಟರ್ಪೆಂಟೈನ್ ವಾಸನೆಗೆ ಅರ್ಧ ತಂಡಕ್ಕೆ ತಲೆನೋವು ಬರುತ್ತೆ. ಮದುವೆ ಮನೆ ಹಿಂದಿನ ದಿನ ಹೀಗೆ ಹೊಡೆದು ಬೈಸಿಕೊಂಡೋರನ್ನ ನಾನು ಕಂಡಿದ್ದೀನಿ.

ಮ್ಯಾಟಿಂಗ್_ವಿಕೆಟ್ | ಬುಧವಾರ, ಬೆಳಿಗ್ಗೆ 7:15

ಅಣ್ಣ, ಎರಡೂ ಮಾಡಿದೆ. ಅಂಗೈ ಪೂರ್ತಿ ಬೆಳ್ಳಗಾಯ್ತು. ಎದೆಮಟ್ಟದಲ್ಲಿ ಅಂಟಿಸಿದ ಹಾಳೆ ಒಳಗೆ ಒಣಗಿತ್ತು, ಮಂಡಿಮಟ್ಟದ್ದರಲ್ಲಿ ಒಳಮೈಗೆ ಹನಿ ಸಾಲಾಗಿ ನಿಂತಿತ್ತು. ಅಂದರೆ ಮೇಲ್ಗಡೆ ಬರೆಯಬಹುದಾ?

ಕುಂಚದ_ಕೈ | ಬುಧವಾರ, ಬೆಳಿಗ್ಗೆ 7:50

ನಾಲ್ಕಡಿಯಿಂದ ಮೇಲೆ ಬರೆಯಬಹುದು. ಬರೆಯೋ ಜಾಗ ಎಷ್ಟೋ ಅಷ್ಟು ಭಾಗದ ಸುಣ್ಣವನ್ನ ಪುಟ್ಟಿ ಪಟ್ಟಿಯಿಂದ ಕೆರೆದು ತೆಗೀರಿ, ಒಣ ಬ್ರಷ್ಷಲ್ಲಿ ಪುಡಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅರ್ಧ ದಿನ ಬಿಡಿ. ನೀರಲ್ಲಿ ಕಲಸೋ ಪ್ರೈಮರ್ ಒಂದು ಕೋಟು, ಅದರ ಮೇಲೆ ಹಳದಿ ಎಮಲ್ಷನ್ ಎರಡು ಕೋಟು, ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಗಂಟೆ ಬಿಡುವು. ಅಕ್ಷರವೂ ಎಮಲ್ಷನ್‌ನಲ್ಲೇ ಆಗಲಿ. ಅರ್ಧ ಗಂಟೆಗೆ ಕೈಗೆ ಅಂಟಲ್ಲ, ವಾಸನೆಯೂ ಅಷ್ಟಿಲ್ಲ. ಗುರುವಾರ ಕೆರೆದು ಶುಕ್ರವಾರ ನೆಲ ಬಣ್ಣ ಮುಗಿಸಿದರೆ ಶನಿವಾರ ಬರೆಯೋರಿಗೆ ಸಲೀಸು. ನಾಲ್ಕೂ ಗೋಡೆ ಕೆರೆಯೋಕೆ ಹೋದರೆ ಫೈನಲ್ ದಿನವೂ ಕೆರೀತಿರಬೇಕಾಗುತ್ತೆ. ಒಂದು ಜಾಗ ಗೊತ್ತು ಮಾಡಿಕೊಳ್ಳಿ.

ಧಾರವಾಡದ_ಮಾಸ್ತರ್ | ಬುಧವಾರ, ಬೆಳಿಗ್ಗೆ 10:30

ಬಣ್ಣದ ಮಾತು ಆತು, ಇನ್ನ ಮಾತಿನ ಮಾತು ಹೇಳ್ತೀನ್ರಿ. ಹುಡುಗರಿಗೆ ಇಪ್ಪತ್ತು ವರ್ಷ ಕೋಚಿಂಗ್ ಕೊಟ್ಟೇನಿ. ಮೊದಲು ಒಂದು ಪ್ರಶ್ನಿ: ನಿಮ್ಮ ತಂಡ ಈ ಟೂರ್ನಮೆಂಟಿನ್ಯಾಗ ಯಾವುದರಿಂದ ಸೋಲೋ ಹಂತಕ್ಕ ಬಂದಿತ್ತು? ಅದನ್ನ ಹೇಳ್ರಿ, ಗ್ವಾಡಿಗೆ ಏನ್ ಬರೀಬೇಕು ಅನ್ನೋದು ಅಲ್ಲೇ ಐತಿ.

ನಿಮ್ಮ ಪಟ್ಟಿಯೊಳಗ "ಗೆಲುವು ನಮ್ಮದೇ", "ಕಪ್ ನಮ್ದೇ", "ಮಾಡು ಇಲ್ಲವೇ ಮಡಿ" ಮೂರೂ ಮ್ಯಾಚ್ ಮುಗಿದ ಮ್ಯಾಲಿನ ಮಾತು. ಹುಡುಗ ಕ್ರೀಸಿಗೆ ಹೋಗಿ ಗಾರ್ಡ್ ತಗೊಂಡಾಗ ಅವನ ಕೈಯಾಗ ಗೆಲುವು ಇರಂಗಿಲ್ಲ. ಬರೋ ಚೆಂಡು ಇರತೈತಿ, ಆ ಕಡೆ ಜೊತೆಗಾರ ಇರತಾನ. ಅವನು ಮಾಡಬಹುದಾದ ಕೆಲಸ ಯಾವುದೋ ಅದನ್ನ ಬರೀರಿ. ಕೂಸು ಹುಟ್ಟೋ ಮೊದಲ ಕುಲಾವಿ ಹೊಲಿಸಿದರ ಹುಡುಗರ ಕಣ್ಣು ಕಪ್ಪಿನ ಮ್ಯಾಲೇ ಇರತಾವ.

ಮ್ಯಾಟಿಂಗ್_ವಿಕೆಟ್ | ಬುಧವಾರ, ಮಧ್ಯಾಹ್ನ 1:10

ಮೇಷ್ಟ್ರೇ, ರನ್ ಔಟ್. ಸೆಮಿಫೈನಲ್‌ನಲ್ಲಿ ಮೂರು ರನ್ ಔಟ್ ಆದವು. 2 ವಿಕೆಟ್‌ಗೆ 96 ಇದ್ದೋರು 131ಕ್ಕೆ ಆಲ್ ಔಟ್. ಬೌಲರ್‌ಗಳು ಉಳಿಸಿಕೊಟ್ಟರು. ಮೂರೂ ಸಲ ಇಬ್ಬರೂ ಬಾಯಿ ಬಿಡಲಿಲ್ಲ, ಒಬ್ಬರನ್ನೊಬ್ಬರು ನೋಡ್ತಾ ಪಿಚ್ ಮಧ್ಯ ನಿಂತರು.

ಧಾರವಾಡದ_ಮಾಸ್ತರ್ | ಬುಧವಾರ, ಮಧ್ಯಾಹ್ನ 1:45

ಹಂಗಾದ್ರ ಗ್ವಾಡಿ ಮ್ಯಾಲಿನ ಮಾತು ಅದೇ ನೋಡ್ರಿ. "ಬಾಯಿ ಬಿಟ್ಟು ಕೂಗು." ಎಸ್, ನೋ, ವೇಟ್, ಈ ಮೂರರಾಗ ಒಂದು ಪ್ರತಿ ಚೆಂಡಿಗೂ ಕೇಳಬೇಕು. ಚೆಂಡು ಮುಂದ ಹೋದರ ಹೊಡೆದವನು ಕೂಗಬೇಕು, ಹಿಂದ ಹೋದರ ಆ ಕಡೆ ನಿಂತವನು ಕೂಗಬೇಕು. ಇದನ್ನ ಹುಡುಗರು ಪ್ರಾಕ್ಟೀಸಿನ್ಯಾಗ ಗುರುವಾರ, ಶುಕ್ರವಾರ ಕೂಗಿ ಕೂಗಿ ರೂಢಿ ಮಾಡ್ಕೋಬೇಕು. ಗ್ವಾಡಿ ನೋಡಿ ಕಲಿಯೂದಲ್ಲ ಇದು. ಕಲಿತದ್ದು ನೆನಪಿಗೆ ಬರಲಿ ಅಂತ ಗ್ವಾಡಿ.

ಇನ್ನ ಎಲ್ಲಿ ಬರೀಬೇಕು ಅನ್ನೋದು. ಪ್ಯಾಡ್ ಕಟ್ಟಿಕೊಂಡವನು ಒಳಗ ಕೂಡಬಾರದ್ರಿ. ಕತ್ತಲ ಖೋಲಿಯಿಂದ ಒಮ್ಮೆಲೆ ಬಿಸಿಲಿಗೆ ಬಂದರ ಕಣ್ಣು ಹೊಂದಿಕೊಳ್ಳಾಕ ಹೊತ್ತು ಬೇಕು. ಮೊದಲ ಎರಡು ಚೆಂಡು ಕಾಣದ ಔಟಾದವರನ್ನ ಎಷ್ಟೋ ಮಂದಿ ನೋಡೇನಿ. ಅದಕ್ಕ ಮುಂದಿನ ಇಬ್ಬರು ಯಾವಾಗಲೂ ವರಾಂಡದಾಗ, ಬೆಳಕಿನ್ಯಾಗ ಕೂಡಬೇಕು. ಅಂದಮ್ಯಾಲ ಒಳಗಿನ ನಾಲ್ಕೂ ಗ್ವಾಡಿ ತುಂಬ ಬರೆದರ ಓದಬೇಕಾದವನ ಕಣ್ಣಿಗೇ ಅದು ಬೀಳಂಗಿಲ್ಲ. ಓದೋರು ಔಟಾಗಿ ಬಂದವರು. ಅವರಿಗೆ ಆ ಹೊತ್ತಿನ್ಯಾಗ ಯಾವ ಮಾತೂ ಬ್ಯಾಡ. ಎಲ್ಲಾರೂ ದಾಟಲೇಬೇಕಾದ ಜಾಗ ಅಂದ್ರ ಬಾಗಿಲು. ಬಾಗಿಲ ಮ್ಯಾಲೆ ಬರೆಸ್ರಿ, ಇಲ್ಲಾ ವರಾಂಡದಾಗ.

ಫಿಟ್‌ನೆಸ್_ಮಂಜ | ಬುಧವಾರ, ಮಧ್ಯಾಹ್ನ 2:20

ಮಾಸ್ತರ್ ಮಾತು ಒಪ್ತೀನಿ, ಪೂರ್ತಿ ಅಲ್ಲ. ಹುರುಪು ಅನ್ನೋದೂ ಬೇಕಲ್ವಾ? ಬೆಳಿಗ್ಗೆ ಎಂಟು ಗಂಟೆಗೆ ರೂಮಿಗೆ ಬಂದು "ಬಾಯಿ ಬಿಟ್ಟು ಕೂಗು" ಅಂತ ಓದಿದರೆ ರೋಮಾಂಚನ ಆಗಲ್ಲ. ಫೈನಲ್ ದಿನ ಎದೆ ಉಬ್ಬೋ ಒಂದು ಮಾತು ಇರಲೇಬೇಕು.

ಧಾರವಾಡದ_ಮಾಸ್ತರ್ | ಬುಧವಾರ, ಮಧ್ಯಾಹ್ನ 3:00

ಫೈನಲ್ ದಿನ ಹುರುಪು ಕಮ್ಮಿ ಇರೋ ತಂಡ ನಾ ಇನ್ನೂ ಕಂಡಿಲ್ಲಪ್ಪಾ. ಹೆಚ್ಚಾಗಿರತೈತಿ. ಮೊದಲನೇ ಓವರಿನ್ಯಾಗ ಎರಡು ವೈಡು, ಒಂದು ನೋ ಬಾಲು ಬರೂದು ಅದಕ್ಕ.

ಮೈಸೂರಿನ_ಸ್ಕೋರರ್ | ಬುಧವಾರ, ಸಂಜೆ 6:15

ನನ್ನದೊಂದು ಸಲಹೆ. ಗೋಡೆ ಮೇಲೆ ಒಂದೇ ಒಂದು ಅಂಕೆ ಬರೆಸಿ: 6.

ಯಾಕೆ ಅಂತ ಹೇಳ್ತೀನಿ. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ರಣಜಿ ಫೈನಲ್, ಕರ್ನಾಟಕ ಮತ್ತು ಮುಂಬೈ. ಮುಂಬೈ 233, ನಾವು 130. ಅವರು ಮತ್ತೆ 234, ನಮಗೆ ಗುರಿ 338. ಆ ಜನಸಂದಣಿಯಲ್ಲಿ ನಾನೂ ಇದ್ದೆ. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಅವರಿಬ್ಬರೂ ಆಡ್ತಿದ್ದಾಗ ಮೈದಾನದ ಸುತ್ತ ಯಾರಿಗೂ ಸೋಲಿನ ಯೋಚನೆಯೇ ಇರಲಿಲ್ಲ. ಕೊನೆಗೆ 331ಕ್ಕೆ ಆಲ್ ಔಟ್. ಸೋತದ್ದು 6 ರನ್ನಿಂದ. ಮನೆಗೆ ನಡೆದುಕೊಂಡು ಬರುವಾಗ ಪಕ್ಕದಲ್ಲಿದ್ದವರು ಒಬ್ಬರೂ ಮಾತಾಡಲಿಲ್ಲ.

ಅದಕ್ಕೆ ಕೆಲವು ತಿಂಗಳ ಹಿಂದೆ, 2009ರ ಮೇನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಫೈನಲ್. ಡೆಕ್ಕನ್ ಚಾರ್ಜರ್ಸ್ 143, ಆರ್‌ಸಿಬಿ 137. ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದಿದ್ದರು, ಆದರೂ 6 ರನ್ನಿಂದ ಸೋಲು. ಆಮೇಲೆ 2025ರ ಜೂನ್ 3, ಅಹಮದಾಬಾದ್. ಆರ್‌ಸಿಬಿ 190, ಪಂಜಾಬ್ 184. ಹದಿನೆಂಟನೇ ವರ್ಷಕ್ಕೆ ಮೊದಲ ಕಪ್ಪು ಬಂತು, ಅದೂ 6 ರನ್ನಿಂದ.

ಮೂರು ಫೈನಲ್, ಮೂರಕ್ಕೂ ಆರೇ ರನ್ನಿನ ಅಂತರ. ಒಂದು ಮಿಸ್ ಫೀಲ್ಡು, ಎರಡು ವೈಡು, ಓಡದೆ ಬಿಟ್ಟ ಮೂರು ಸಿಂಗಲ್, ಅಷ್ಟರಲ್ಲಿ ಆರು ಮುಗೀತು. ಹನಿ ಹನಿ ಗೂಡಿದರೆ ಹಳ್ಳ ಅನ್ನೋದಕ್ಕೆ ಕ್ರಿಕೆಟ್ಟಿನಲ್ಲಿ ಇದಕ್ಕಿಂತ ಸಾಕ್ಷಿ ಬೇಡ.

ಕಡಲ_ಕರೆ | ಬುಧವಾರ, ರಾತ್ರಿ 8:40

ಸ್ಕೋರರ್ ಹೇಳಿದ್ದು ಓದಿ ಮೈ ಜುಂ ಎಂದಿತು ಮಾರಾಯ್ರೆ. ನಮ್ಮ ಕತೆಯೂ ಹೇಳುತ್ತೇನೆ. ಮಂಗಳೂರು ಹತ್ತಿರದ ನಮ್ಮ ಕಾಲೇಜು ತಂಡ, ನಾನು ಲೆಫ್ಟ್ ಆರ್ಮ್ ಸ್ಪಿನ್ನರ್. ಫೈನಲಿನ ಹಿಂದಿನ ದಿನ ರೂಮಿನ ಗೋಡೆಗೆ ದೊಡ್ಡದಾಗಿ "ಚಾಂಪಿಯನ್ಸ್" ಎಂದು ನಾವೇ ಬರೆದೆವು, ಕೆಳಗೆ ಹದಿನೈದು ಜನರ ಸಹಿ. ಮರುದಿನ ನಾಲ್ಕು ವಿಕೆಟ್ಟಿನಿಂದ ಸೋತೆವು. ಸೋತದ್ದಕ್ಕಿಂತ ಆ ರೂಮಿಗೆ ವಾಪಸು ಹೋಗಿ, ಆ ಗೋಡೆಯ ಎದುರು ಕೂತು ಬೂಟು ಬಿಚ್ಚಿದ್ದು ಹೆಚ್ಚು ನೋವಾಯಿತು. ಅದನ್ನು ಒರೆಸಲಿಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಮುಂದಿನ ವರ್ಷ ಜೂನಿಯರ್‌ಗಳು ಬಂದಾಗಲೂ ಹಾಗೇ ಇತ್ತು. ಏನು ಬರೆದರೂ ಸೋತು ಬಂದ ಸಂಜೆಯೂ ಓದಲಿಕ್ಕೆ ಆಗುವಂಥದ್ದು ಬರೆಯಿರಿ.

ಲೆಸ್ಟರ್_ಕನ್ನಡಿಗ | ಗುರುವಾರ, ಬೆಳಗಿನ ಜಾವ 3:30

ಕಡಲ_ಕರೆ ಅವರ ಮಾತು ಓದಿ ಲಾರ್ಡ್ಸ್ ನೆನಪಾಯಿತು. ಎರಡು ವರ್ಷದ ಹಿಂದೆ ಮಗನನ್ನು ಕರೆದುಕೊಂಡು ಅಲ್ಲಿನ ಪೆವಿಲಿಯನ್ ನೋಡಿದ್ದೆ. ಅಲ್ಲಿ ಡ್ರೆಸ್ಸಿಂಗ್ ರೂಮಿನ ಗೋಡೆಗೆ ಫಲಕಗಳಿವೆ. ಆ ಮೈದಾನದ ಟೆಸ್ಟಿನಲ್ಲಿ ಶತಕ ಹೊಡೆದವರ, ಒಂದು ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದವರ ಹೆಸರು ಚಿನ್ನದ ಬಣ್ಣದಲ್ಲಿ. ಅಲ್ಲಿ ನಾನು ಹುಡುಕಿದ್ದು ನಮ್ಮವರ ಹೆಸರು. 1996ರ ಟೆಸ್ಟಿನಲ್ಲಿ ವೆಂಕಟೇಶ್ ಪ್ರಸಾದ್ 76ಕ್ಕೆ 5. ಅದೇ ಪಂದ್ಯ ರಾಹುಲ್ ದ್ರಾವಿಡ್ ಅವರ ಮೊದಲ ಟೆಸ್ಟ್, 95ಕ್ಕೆ ಔಟಾದರು. ಐದು ರನ್ ಕಡಿಮೆ, ಫಲಕಕ್ಕೆ ಹೆಸರಿಲ್ಲ. ಹೆಸರು ಏರಿದ್ದು 2011ರಲ್ಲಿ, ಔಟಾಗದೆ 103. ನಡುವೆ ಹದಿನೈದು ವರ್ಷ. ತೆಂಡೂಲ್ಕರ್ ಹೆಸರು ಅಲ್ಲಿ ಇಲ್ಲವೇ ಇಲ್ಲ.

ಗಾದೆ, ಘೋಷಣೆ ಬಿಟ್ಟು ನಿಮ್ಮ ತಂಡದ್ದೇ ಹೆಸರು, ಅಂಕೆ ಬರೆಸಬಹುದಲ್ಲ? ಹನ್ನೊಂದು ವರ್ಷದಲ್ಲಿ ಯಾರು ಶತಕ ಹೊಡೆದರು, ಯಾರು ಐದು ವಿಕೆಟ್ ತೆಗೆದರು. ಮಾಡಿ ತೋರಿಸಿದ್ದು ಸೋತರೂ ಸುಳ್ಳಾಗಲ್ಲ.

ಮ್ಯಾಟಿಂಗ್_ವಿಕೆಟ್ | ಗುರುವಾರ, ಬೆಳಿಗ್ಗೆ 8:00

ಸರ್, ಇದು ಮನಸ್ಸಿಗೆ ಹಿಡಿಸಿತು. ಹಳೇ ಸ್ಕೋರ್ ಪುಸ್ತಕದಲ್ಲಿ ಎರಡು ವರ್ಷದ್ದು ಕಳೆದುಹೋಗಿದೆ. ಯಾರದಾದರೂ ಹೆಸರು ಬಿಟ್ಟರೆ ಬೇಜಾರು ಮಾಡಿಕೊಳ್ತಾರೆ. ಭಾನುವಾರದೊಳಗೆ ಆಗಲ್ಲ, ಮುಂದಿನ ಸೀಸನ್‌ಗೆ ಖಂಡಿತ ಮಾಡ್ತೀನಿ.

ಇವತ್ತು ಹುಡುಗರ ಹತ್ತಿರ ಮಾತಾಡಿದೆ. "ಮಾಡು ಇಲ್ಲವೇ ಮಡಿ" ಬೇಡ ಅಂತ ನಮ್ಮ ಅಧ್ಯಕ್ಷರು ಮೊದಲೇ ಹೇಳಿದ್ದರು. ಅವರ ತಂದೆ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು, ಆ ಮಾತು ಆಟಕ್ಕೆ ಬಳಸೋದು ಅವರಿಗೆ ಹಿಡಿಸಲ್ಲ. ಕೊನೆಗೆ ಎರಡು ಉಳಿದಿವೆ: ಬಾಗಿಲ ಮೇಲೆ "ಬಾಯಿ ಬಿಟ್ಟು ಕೂಗು", ಇಲ್ಲವೇ ನಮ್ಮ ಕೀಪರ್ ಪ್ರತಿ ಓವರಿಗೂ ಸ್ಟಂಪ್ ಹಿಂದಿನಿಂದ ಹೇಳೋ "ಈ ಒಂದು ಚೆಂಡು". ಹುಡುಗರಿಗೆ ಎರಡನೇದು ಇಷ್ಟ, ಅದು ನಮ್ಮದೇ ಮಾತು ಅಂತಾರೆ.

ಲೆಗ್‌ಸ್ಪಿನ್ನರ್_ಅಮ್ಮ | ಗುರುವಾರ, ಬೆಳಿಗ್ಗೆ 11:40

ನನ್ನ ಮಗನೂ ಇಂಥದ್ದೇ ತಂಡದಲ್ಲಿ ಆಡ್ತಾನೆ, ಅದಕ್ಕೆ ಕೇಳ್ತಿದ್ದೀನಿ. ನಿಮ್ಮ ತಂಡದಲ್ಲಿ ಎಲ್ಲರಿಗೂ ಕನ್ನಡ ಓದೋಕೆ ಬರುತ್ತಾ? ನನ್ನ ಮಗನ ತಂಡದ ವೇಗದ ಬೌಲರ್ ಹುಡುಗನ ಅಪ್ಪ ಅಮ್ಮ ಬಿಹಾರದಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡ್ತಾರೆ. ಅವನು ಕನ್ನಡ ಚೆನ್ನಾಗಿ ಮಾತಾಡ್ತಾನೆ, ಓದೋಕೆ ಬರಲ್ಲ. ಗೋಡೆ ಮೇಲಿರೋದನ್ನ ಎಲ್ಲರೂ ಗಟ್ಟಿಯಾಗಿ ಓದುವಾಗ ಅವನು ಸುಮ್ಮನೆ ನೆಲ ನೋಡ್ತಿದ್ದ. ನೋಡಿ ಸಂಕಟ ಆಯ್ತು.

ಮ್ಯಾಟಿಂಗ್_ವಿಕೆಟ್ | ಗುರುವಾರ, ಮಧ್ಯಾಹ್ನ 12:30

ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ನಮ್ಮಲ್ಲೂ ಒಬ್ಬ ಇದ್ದಾನೆ. ಕೀಪರ್ ಮಾತು ಅವನಿಗೆ ಕಿವಿಯಿಂದ ಗೊತ್ತು, ಅಷ್ಟು ಮಟ್ಟಿಗೆ ವಾಸಿ. ಪಕ್ಕದಲ್ಲಿ ಕೆಂಪು ಚೆಂಡಿನ ಚಿತ್ರ ಬರೆಸಿದರೆ ಹೇಗೆ?

ಕುಂಚದ_ಕೈ | ಗುರುವಾರ, ಸಂಜೆ 7:00

ಚಿತ್ರ ಬರೆಸಿ, ಒಳ್ಳೇದು. ಚೆಂಡಿನ ಹೊಲಿಗೆ ಬಿಳಿ ಎರಡು ಗೆರೆ ಹಾಕಿದರೆ ಮಗುವಿಗೂ ತಿಳಿಯುತ್ತೆ.

"ಈ ಒಂದು ಚೆಂಡು" ಬರೆಯೋರಿಗೂ ಸುಲಭ. ಯಾಕೆ ಅಂದರೆ ಇದರಲ್ಲಿ ಒಂದೂ ಒತ್ತಕ್ಷರ ಇಲ್ಲ. "ಪ್ರಯತ್ನವೇ ಪರಮಾತ್ಮ" ಬರೆಯಬೇಕಾದರೆ ಅಕ್ಷರದ ಕೆಳಗೆ ಒತ್ತಿಗೆ ಅರ್ಧ ಅಕ್ಷರದಷ್ಟಾದರೂ ಜಾಗ ಬಿಡಬೇಕು. ಬಾಗಿಲ ಮೇಲೆ ಅಷ್ಟು ಜಾಗ ಎಲ್ಲಿದೆ? ಒತ್ತು ಚೌಕಟ್ಟಿಗೆ ತಾಗಿ ಅರ್ಧ ಕತ್ತರಿಸಿದ ಹಾಗೆ ಕಾಣುತ್ತೆ.

ಅಳತೆ ಹೀಗೆ ಹಾಕಿ. ನಿಮ್ಮ ಬಾಗಿಲು ಮೂರೂವರೆ ಅಡಿ ಅಂತಿಟ್ಟುಕೊಳ್ಳಿ, 42 ಇಂಚು. ಸೊನ್ನೆ ಸೇರಿ ಏಳು ಆಕಾರ: ಈ, ಒ, ಸೊನ್ನೆ, ದು, ಚೆ, ಸೊನ್ನೆ, ಡು. 4 ಇಂಚು ಎತ್ತರ ಬರೆದರೆ ಒಂದೊಂದು ಸುಮಾರು ನಾಲ್ಕೂವರೆ ಇಂಚು ಅಗಲ ತಗೊಳ್ಳುತ್ತೆ, ಮೂವತ್ತೊಂದೂವರೆ ಆಯ್ತು. ಪದಗಳ ನಡುವೆ ಮೂರು ಮೂರು ಇಂಚು, ಒಟ್ಟು ಮೂವತ್ತೇಳೂವರೆ. ಎರಡೂ ಕಡೆ ಎರಡೆರಡು ಇಂಚು ಉಳಿಯುತ್ತೆ. ಚೆಂಡಿನ ಚಿತ್ರವನ್ನ ಚೌಕಟ್ಟಿನ ಪಕ್ಕ, ಕಣ್ಣಿನ ಮಟ್ಟಕ್ಕೆ ಹಾಕಿ. 14 ಅಡಿ ರೂಮಿನ ಆ ತುದಿಯಿಂದಲೂ 4 ಇಂಚಿನ ಅಕ್ಷರ ಧಾರಾಳ ಕಾಣುತ್ತೆ.

ಕೆಳಗೆ ಮೇಲೆ ಎರಡು ಗೆರೆ ಬೇಕು. ದಾರಕ್ಕೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿ, ಎರಡು ತುದಿ ಇಬ್ಬರು ಎಳೆದು ಹಿಡಿದು, ಮಧ್ಯ ಎತ್ತಿ ಬಿಟ್ಟರೆ ಗೋಡೆ ಮೇಲೆ ನೆಟ್ಟಗೆ ಗೆರೆ ಬೀಳುತ್ತೆ. ಹಳದಿ ಗೋಡೆ ಆದ್ದರಿಂದ ಬಟ್ಟೆಗೆ ಹಾಕೋ ನೀಲಿ ಪುಡಿ ಇನ್ನೂ ಚೆನ್ನಾಗಿ ಕಾಣುತ್ತೆ.

ಕೊನೇ ಮಾತು. ಬರೆಯೋರ ಕೈಗೆ ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ದೊಡ್ಡದಾಗಿ ಬರೆದುಕೊಡಿ. ಕಂಪ್ಯೂಟರಿನಲ್ಲಿ ಮುದ್ರಿಸಿ ಕೊಡೋದಾದರೆ ಒಂದೊಂದು ಅಕ್ಷರ ನೋಡಿ. ಒಂದು ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನ ಅಂಗಡಿಯವರ ಯಂತ್ರದಲ್ಲಿ ಇನ್ನೊಂದರಲ್ಲಿ ತೆಗೆದರೆ ಒತ್ತು ಎಲ್ಲೋ, ಅರ್ಕಾವತ್ತು ಎಲ್ಲೋ ಹೋಗಿರುತ್ತೆ. ನನ್ನ ಕೈಯಲ್ಲೇ ಒಮ್ಮೆ ಒಂದು ಶಾಲೆ ಗೋಡೆಗೆ "ಬಾಳು" ಬದಲು "ಬಾಲು" ಆಗಿಹೋಯ್ತು. ಚೀಟಿಯಲ್ಲಿ ಹಾಗೇ ಇತ್ತು, ನಾನು ಕೇಳಬೇಕಿತ್ತು, ಕೇಳಲಿಲ್ಲ.

ಫಿಟ್‌ನೆಸ್_ಮಂಜ | ಗುರುವಾರ, ರಾತ್ರಿ 9:10

ಅಣ್ಣ, ತೇವದ ವಿಷಯ ನಾನು ತಪ್ಪು ಹೇಳಿದ್ದೆ, ಒಪ್ಕೋತೀನಿ. ನನ್ನ ಎರಡನೇ ಜಿಮ್‌ನಲ್ಲಿ ಕೆಳಗಿನ ಸಾಲು ಯಾಕೆ ಎದ್ದು ಬಂತು ಅಂತ ಈಗ ಗೊತ್ತಾಯ್ತು. ಅದಕ್ಕೂ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡ್ತೀನಿ.

ಧಾರವಾಡದ_ಮಾಸ್ತರ್ | ಶುಕ್ರವಾರ, ಬೆಳಿಗ್ಗೆ 9:20

ಒಂದು ಮರೆತಿದ್ದೆ. ಆ ಖೋಲಿ ನಿಮ್ಮದೊಂದೇ ತಂಡಕ್ಕ ಏನ್ರಿ? ಮೈದಾನ ಯಾರದು? ಸರಕಾರದ ಕಟ್ಟಡ ಆದ್ರ ಬರಹದಾಗ ಒಪ್ಪಿಗಿ ತಗೋರಿ. ಮತ್ತ ಎದುರಾಳಿ ತಂಡದವರ ಹೆಸರು, ಅವರ ಬ್ಯಾಟ್ಸ್‌ಮನ್ನರ ದೋಷ ಇಂಥಾವು ಗ್ವಾಡಿ ಮ್ಯಾಲೆ ಬ್ಯಾಡವೇ ಬ್ಯಾಡ. ಅವರೂ ಅದೇ ಬಾಗಿಲಿನ್ಯಾಗ ನೀರು ಕುಡಿಯಾಕ ಬರತಾರ.

ಮ್ಯಾಟಿಂಗ್_ವಿಕೆಟ್ | ಶುಕ್ರವಾರ, ಮಧ್ಯಾಹ್ನ 1:00

ಮೇಷ್ಟ್ರೇ, ಅಲ್ಲೇ ಸಿಕ್ಕಿಬಿದ್ದೆವು. ಗೋಡೆ ಕೆರೆಯೋಕೆ ಹೋದಾಗ ಮೈದಾನ ನೋಡಿಕೊಳ್ಳೋ ಹಿರಿಯರು ತಡೆದರು. ವಾರದಲ್ಲಿ ನಾಲ್ಕು ತಂಡ ಇದೇ ರೂಮು ಬಳಸುತ್ತೆ, ಎಲ್ಲರೂ ಬರೆಯೋಕೆ ಶುರು ಮಾಡಿದರೆ ಗೋಡೆ ಏನಾಗುತ್ತೆ ಅಂದರು. ಅವರ ಮಾತಲ್ಲಿ ನ್ಯಾಯ ಇದೆ. ಒಪ್ಪಿಗೆಗೆ ಅರ್ಜಿ ಕೊಟ್ಟರೆ ಸೋಮವಾರ ನೋಡ್ತಾರಂತೆ. ಏನು ಮಾಡಲಿ?

ಕುಂಚದ_ಕೈ | ಶುಕ್ರವಾರ, ಮಧ್ಯಾಹ್ನ 1:25

ಪ್ಲೈವುಡ್. 6 ಎಂಎಂ, ಮೂರೂವರೆ ಅಡಿ ಉದ್ದ, ಒಂದಡಿ ಅಗಲ ಕತ್ತರಿಸಿಕೊಂಡು ಬನ್ನಿ. ಅಂಚಿಗೆ ಮರಳು ಕಾಗದ ತಿಕ್ಕಿ, ಪ್ರೈಮರ್ ಒಂದು, ಹಳದಿ ಎರಡು ಕೋಟು. ಸಂಜೆ ಎರಡು, ರಾತ್ರಿ ಒಂದು ಹೊಡೆದರೆ ಶನಿವಾರ ಬೆಳಿಗ್ಗೆ ಬರೆಯಬಹುದು. ಎರಡು ತೂತು ಹಾಕಿ, ತಂತಿ ಕಟ್ಟಿ, ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ. ಹಿಂಬದಿಗೂ ಒಂದು ಕೋಟು ಹೊಡೀರಿ, ಇಲ್ಲದಿದ್ದರೆ ಹಲಗೆ ಬಾಗುತ್ತೆ. ಗೋಡೆ ಕೆರೆಯೋ ತಾಪತ್ರಯವೂ ಇಲ್ಲ, ತೇವವೂ ಇಲ್ಲ.

ಮ್ಯಾಟಿಂಗ್_ವಿಕೆಟ್ | ಶನಿವಾರ, ರಾತ್ರಿ 8:50

ಆಯ್ತು. ಬರೆಯೋರು ಒಂದು ಗಂಟೆಯಲ್ಲಿ ಮುಗಿಸಿದರು. ಬಾಗಿಲು ಅಳೆದಾಗ 40 ಇಂಚೇ ಇತ್ತು, ಹಲಗೆ ಎರಡೂ ಕಡೆ ಒಂದೊಂದು ಇಂಚು ಹೊರಗೆ ಬಂದಿದೆ, ಪರವಾಗಿಲ್ಲ. ಚೆಂಡಿನ ಚಿತ್ರ ಬೇರೆ ಸಣ್ಣ ಹಲಗೆ ಮೇಲೆ ಬರೆಸಿದೆ. ಓದೋಕೆ ಬರದ ಹುಡುಗನೇ ಮೊಳೆ ಹೊಡೆದು ಅದನ್ನ ನೇತುಹಾಕಿದ. ಎರಡು ದಿನ ಪ್ರಾಕ್ಟೀಸಲ್ಲಿ ಕೂಗಿ ಕೂಗಿ ಹುಡುಗರ ಗಂಟಲು ಕಟ್ಟಿದೆ.

ಮ್ಯಾಟಿಂಗ್_ವಿಕೆಟ್ | ಸೋಮವಾರ, ಬೆಳಿಗ್ಗೆ 7:30

ಸೋತೆವು. ಅವರು 187, ನಾವು 176. ಹನ್ನೊಂದು ರನ್. ರನ್ ಔಟ್ ಒಂದೂ ಆಗಲಿಲ್ಲ. ಅದು ಹಲಗೆಯಿಂದಲೋ, ಮೇಷ್ಟ್ರು ಹೇಳಿದ ಪ್ರಾಕ್ಟೀಸಿನಿಂದಲೋ ನನಗೆ ಹೇಳೋಕಾಗಲ್ಲ. ನಾನು ಬಾಗಿಲ ಹತ್ತಿರವೇ ಕೂತಿದ್ದೆ. ಹೋಗುವಾಗ ತಲೆ ಎತ್ತಿ ನೋಡಿದವರು ಐದು ಜನ. ಒಬ್ಬ ಬ್ಯಾಟಿನಿಂದ ಹಲಗೆ ಮುಟ್ಟಿ ಹೋದ. ಉಳಿದವರು ನೇರ ನಡೆದುಬಿಟ್ಟರು. ಸ್ಕೋರರ್ ಸರ್, ನಾವು ಕೊಟ್ಟ ವೈಡ್ ಎಣಿಸಿದೆ. ಹದಿನಾಲ್ಕು.

ಸಂಜೆ ಎಲ್ಲರೂ ರೂಮಿನಲ್ಲೇ ಕೂತಿದ್ದರು. ಹಲಗೆ ತೆಗೀಲಾ ಅಂತ ಕೇಳಿದೆ. ಇರಲಿ ಅಂದರು.

ಕಡಲ_ಕರೆ | ಸೋಮವಾರ, ಬೆಳಿಗ್ಗೆ 8:05

ಹಾಗಾದರೆ ಸರಿಯಾದ್ದೇ ಬರೆಸಿದ್ದೀರಿ.

ಫಿಟ್‌ನೆಸ್_ಮಂಜ | ಸೋಮವಾರ, ಬೆಳಿಗ್ಗೆ 9:30

ಬೇಜಾರಾಯ್ತು. ಆದರೂ ಹುರುಪಿನ ಮಾತು ಒಂದು ಇದ್ದಿದ್ದರೆ ಆ ಹನ್ನೊಂದು ರನ್ ಬರ್ತಿತ್ತು ಅಂತಲೇ ನನಗೆ ಅನ್ನಿಸೋದು.

ಧಾರವಾಡದ_ಮಾಸ್ತರ್ | ಸೋಮವಾರ, ಬೆಳಿಗ್ಗೆ 10:15

ಹದಿನಾಲ್ಕು ವೈಡಿಗೆ ಹುರುಪು ಔಷಧ ಅಲ್ಲ ಮಂಜಣ್ಣ. ಮ್ಯಾನೇಜರೇ, ಮುಂದಿನ ಸೀಸನ್ನಿಗೆ ಬೌಲರ್‌ಗಳನ್ನ ಕೂಡಿಸಿ ಕೇಳ್ರಿ, ರನ್ ಅಪ್ಪಿನ ಗುರುತು ಯಾರು ಹಾಕತಾರ, ಯಾರು ಅಂದಾಜಿಗೆ ಓಡತಾರ ಅಂತ. ಆಮ್ಯಾಲ ಹಲಗಿ ಮ್ಯಾಲಿನ ಮಾತು ನೋಡೋಣಂತ.

ಮ್ಯಾಟಿಂಗ್_ವಿಕೆಟ್ | ಸೋಮವಾರ, ಮಧ್ಯಾಹ್ನ 12:40

ಕೇಳ್ತೀನಿ ಮೇಷ್ಟ್ರೇ. ಗುರುವಾರ ರೂಮು ಇನ್ನೊಂದು ತಂಡಕ್ಕೆ ಕೊಡಬೇಕು, ಹಲಗೆ ಇಳಿಸಲೇಬೇಕು. ಯಾರ ಮನೆಯಲ್ಲಿ ಇಡೋದು ಅಂತ ಮೂರು ಜನ ಪೈಪೋಟಿ ಮಾಡ್ತಿದ್ದಾರೆ. ಲೆಸ್ಟರ್ ಸರ್, ಕಳೆದುಹೋದ ಎರಡು ವರ್ಷದ ಸ್ಕೋರ್ ಪುಸ್ತಕದಲ್ಲಿ ಒಂದು ಹಳೇ ಕ್ಯಾಪ್ಟನ್ ಮನೆ ಅಟ್ಟದಲ್ಲಿ ಸಿಕ್ಕಿದೆ. ಇನ್ನೊಂದು ಹುಡುಕ್ತಿದ್ದೀವಿ.